ಒಂದೇ ಕೋರ್ಟ್, 36 ಮಕ್ಕಳು, ಆರು ಬಾಲ್: ಅಂಡರ್‌ಹ್ಯಾಂಡ್ ಸರ್ವ್ ಮತ್ತು ಫೋರ್‌ಆರ್ಮ್ ಪಾಸ್ ಕಲಿಸುವ ಬಗೆ

ಪ್ರಶ್ನೆ: ಸರ್, ನಾನು ಶಾಲೆಯಲ್ಲಿ ಪಿ.ಇ. ಟೀಚರ್. ಒಂದು ಪೀರಿಯಡ್‌ಗೆ 36 ಮಕ್ಕಳು, ಒಂದೇ ವಾಲಿಬಾಲ್ ಕೋರ್ಟ್, ಆರು ಬಾಲ್, ಸಮಯ 40 ನಿಮಿಷ. ಎಲ್ಲರೂ ಹೊಸಬರು. ಸಾಲಲ್ಲಿ ನಿಲ್ಲಿಸಿ ಸರ್ವ್ ಮಾಡಿಸಿದರೆ ಅರ್ಧ ಜನಕ್ಕೆ ಸರದಿಯೇ ಬರಲ್ಲ. ಪಾಸ್ ಶುರು ಮಾಡಿದರೆ ಬಾಲ್ ಎಲ್ಲೆಲ್ಲಿಗೋ ಹೋಗಿ ಬರೀ ಗಲಾಟೆ. ಕೈ ಉರಿಯುತ್ತೆ ಅಂತ ಕೆಲವರು ಹಿಂದೆ ಸರಿಯುತ್ತಾರೆ. ಮೊದಲು ಸರ್ವ್ ಕಲಿಸಲೋ ಪಾಸ್ ಕಲಿಸಲೋ? ಇಷ್ಟು ಜನರನ್ನು ಹೇಗೆ ನಿಲ್ಲಿಸಲಿ?

ಉತ್ತರ:

ಎರಡನ್ನೂ ಒಂದೇ ದಿನ, ಒಂದೇ ಗುಂಪಿನಲ್ಲಿ ಶುರು ಮಾಡಿ. ಪಾಸ್ ಕಲಿಯುವ ಮಗುವಿಗೆ ಯಾರಾದರೂ ಬಾಲ್ ಎಸೆದುಕೊಡಲೇಬೇಕಲ್ಲ, ಆ ಎಸೆತವನ್ನೇ ಸರ್ವ್‌ನ ಮೊದಲ ಪಾಠ ಮಾಡಿಕೊಳ್ಳಿ. ಸಾಮಾನ್ಯವಾಗಿ ಎಸೆಯುವ ಮಗು ಎರಡು ಕೈಯಲ್ಲಿ ಹೇಗೋ ತೂರಿ ತನ್ನ ಸರದಿಗೆ ಕಾಯುತ್ತದೆ, ಆ ಸಮಯವೆಲ್ಲ ದಂಡ. ಅದೇ ಮಗು ಎಡಗಾಲು ಮುಂದಿಟ್ಟು, ಬಲಗೈ ನೇರವಾಗಿಟ್ಟು, ತೊಡೆಯ ಪಕ್ಕದಿಂದ ಮುಂದಕ್ಕೆ ಬೀಸಿ ಒಂದೇ ಕೈಯಲ್ಲಿ ಎಸೆದರೆ ಅದು ಹೊಡೆತವೊಂದನ್ನು ಬಿಟ್ಟು ಮಿಕ್ಕೆಲ್ಲ ರೀತಿಯಲ್ಲೂ ಅಂಡರ್‌ಹ್ಯಾಂಡ್ ಸರ್ವ್. ಆ ಕಡೆಯವನು ಪಾಸ್ ಕಲಿಯುತ್ತಿರುವಾಗ ಈ ಕಡೆಯವನು ತನಗೇ ತಿಳಿಯದಂತೆ ಸರ್ವ್‌ನ ತೋಳು ಬೀಸುವುದನ್ನು ಕಲಿತಿರುತ್ತಾನೆ. ಎಡಗೈ ಮಕ್ಕಳಿಗೆ ಇಲ್ಲಿಂದ ಮುಂದೆ ಹೇಳುವುದನ್ನೆಲ್ಲ ಅದಲು ಬದಲು ಮಾಡಿಕೊಳ್ಳಿ.

ಮೊದಲು ಜಾಗದ ಲೆಕ್ಕ. ಕೋರ್ಟ್ 18 ಮೀಟರ್ ಉದ್ದ, 9 ಮೀಟರ್ ಅಗಲ. ನೆಟ್‌ನಿಂದ ಈಚೆಗೊಂದು, ಆಚೆಗೊಂದು 9 ಮೀಟರ್ ಚೌಕ. ಪ್ರತಿ ಚೌಕವನ್ನೂ ನೆಟ್‌ನಿಂದ ಎಂಡ್ ಲೈನ್‌ವರೆಗೆ ಸುಣ್ಣದ ಗೆರೆ ಎಳೆದು ಮೂರು ಪಟ್ಟೆ ಮಾಡಿ. 3 ಮೀಟರ್ ಅಗಲ, 9 ಮೀಟರ್ ಉದ್ದದ ಆರು ಪಟ್ಟೆ ಸಿಗುತ್ತವೆ. ಆರು ಪಟ್ಟೆ, ಆರು ಬಾಲ್, ಒಂದೊಂದು ಪಟ್ಟೆಗೆ ಆರು ಮಕ್ಕಳು.

ಒಂದು ಪಟ್ಟೆಯಲ್ಲಿ ಅವರು ನಿಲ್ಲುವುದು ಹೀಗೆ. ನೆಟ್‌ಗೆ ಬೆನ್ನು ಮಾಡಿ, ಅದರಿಂದ ಒಂದು ಹೆಜ್ಜೆ ಈಚೆಗೆ ಇಬ್ಬರು ಅಕ್ಕಪಕ್ಕ: ಒಬ್ಬರು ಎಸೆಯುವವರು, ಇನ್ನೊಬ್ಬರು ಹಿಡಿಯುವವರು. ಅವರಿಗೆ ಎದುರಾಗಿ 4 ಮೀಟರ್ ದೂರದಲ್ಲಿ ಪಾಸ್ ಮಾಡುವವರು. ಅವರ ಹಿಂದೆ ಎರಡು ಮೀಟರ್ ಬಿಟ್ಟು ಮುಂದಿನ ಸರದಿಯವರು. ಇವರು ಸುಮ್ಮನೆ ನಿಲ್ಲುವಂತಿಲ್ಲ. ಮುಂದಿರುವವರು ಹೇಗೆ ಕಾಲಾಡಿಸಿ ಕೈ ಚಾಚುತ್ತಾರೋ ಹಾಗೆಯೇ ಬಾಲ್ ಇಲ್ಲದೆ ಮಾಡುತ್ತಿರಬೇಕು. ಎಂಡ್ ಲೈನ್ ಹತ್ತಿರ ತಪ್ಪಿದ ಬಾಲ್ ತಡೆಯುವವರು ಒಬ್ಬರು. ಆರನೆಯವರು ಪಟ್ಟೆಯ ಅಂಚಿನಲ್ಲಿ ನಿಂತು ನೋಡುವವರು. ಏನು ನೋಡಬೇಕು ಎಂಬುದು ಮುಂದೆ ಬರುತ್ತದೆ.

ಈ ವ್ಯವಸ್ಥೆಯಲ್ಲಿ ನೆಟ್ ನಿಮ್ಮ ಪರವಾಗಿ ಕೆಲಸ ಮಾಡುತ್ತದೆ. ಜೋರಾಗಿ ಹೋದ ಪಾಸ್‌ಗಳಲ್ಲಿ ಹೆಚ್ಚಿನವು ನೆಟ್‌ಗೆ ಬಡಿದು ಅಲ್ಲೇ ಬೀಳುತ್ತವೆ. ಮೇಲಿಂದ ದಾಟಿದ ಒಂದೆರಡನ್ನು ಆಚೆ ಚೌಕದಲ್ಲಿ ನೆಟ್‌ಗೆ ಎದುರಾಗಿ ನಿಂತ ಮಕ್ಕಳು ನೋಡುತ್ತಲೇ ಇರುತ್ತಾರೆ. ಪಾಸ್ ಮಾಡುವವರು ಬಿಟ್ಟ ಬಾಲ್ ಎಂಡ್ ಲೈನ್ ಕಡೆಗೆ ಹೋಗುತ್ತದೆ, ಅಲ್ಲಿ ತಡೆಯಲು ಜನ ಇದ್ದಾರೆ. ಬಾಲ್ ಹಿಂದಕ್ಕೆ, ಮುಂದಕ್ಕೆ ಹೋದರೆ ತೊಂದರೆಯಿಲ್ಲ, ಪಕ್ಕಕ್ಕೆ ಹೋದರೆ ಮಾತ್ರ ತೊಂದರೆ. ಹಾಗಾಗಿ ಪಕ್ಕಕ್ಕೆ ಹೋಗುವ ತಪ್ಪನ್ನೇ ನಾವು ಮೊದಲು ತಿದ್ದುವುದು.

ಪ್ರತಿ ಮಗುವಿಗೆ ಐದು ಬಾಲ್, ಆಮೇಲೆ ಎಲ್ಲರೂ ಒಂದೊಂದು ಜಾಗ ಸರಿಯಬೇಕು. ಹೊಸಬರಿಗೆ ಒಂದು ಬಾಲ್‌ಗೆ ಸುಮಾರು 10 ಸೆಕೆಂಡ್ ಹಿಡಿದರೆ ಐದಕ್ಕೆ ಹತ್ತಿರಹತ್ತಿರ ಒಂದು ನಿಮಿಷ. ಆರು ಜಾಗ ಒಂದು ಸುತ್ತು ಬರಲು ಆರೇಳು ನಿಮಿಷ. ಅಷ್ಟರಲ್ಲಿ 36 ಮಕ್ಕಳಲ್ಲಿ ಪ್ರತಿಯೊಬ್ಬರೂ ಐದು ಎಸೆತ, ಐದು ಪಾಸ್ ಮಾಡಿರುತ್ತಾರೆ. ಒಂದೇ ಸಾಲಲ್ಲಿ ನಿಲ್ಲಿಸಿ ಒಬ್ಬೊಬ್ಬರಿಂದಲೇ ಸರ್ವ್ ಮಾಡಿಸಿದರೆ ಅದೇ ಆರು ನಿಮಿಷದಲ್ಲಿ ತಲೆಗೆ ಒಂದು ಸರ್ವ್ ಮುಗಿಯುತ್ತದೆ, ಅಷ್ಟೇ. ಮೊದಲ ದಿನ ಜಾಗ ಬದಲಾಯಿಸುವುದರಲ್ಲೇ ಹೊತ್ತು ಹೋಗುತ್ತದೆ, ಗಾಬರಿ ಬೇಡ. ಅಂದು ಬಾಲ್ ಕೊಡದೆಯೇ ಪೀಪಿ ಊದಿ ಎರಡು ಸಲ ಬರೀ ಜಾಗ ಬದಲಾಯಿಸುವುದನ್ನು ಮಾಡಿಸಿ.

ಗಲಾಟೆಗೆ ಮೂರು ನಿಯಮ ಸಾಕು. ಪಕ್ಕದ ಪಟ್ಟೆಗೆ ಬಾಲ್ ಹೋದರೆ ಅದರ ಹಿಂದೆ ಓಡುವಂತಿಲ್ಲ. "ಬಾಲ್!" ಎಂದು ಕೂಗಬೇಕು, ಆ ಪಟ್ಟೆಯವರು ನಿಲ್ಲಿಸಿ ಉರುಳಿಸಿ ಕೊಡಬೇಕು. ಬಾಲ್ ವಾಪಸ್ ಕೊಡುವಾಗ ಯಾವಾಗಲೂ ನೆಲದ ಮೇಲೆ ಉರುಳಿಸುವುದು, ತೂರುವುದಿಲ್ಲ. ನೀವು ಉದ್ದ ಪೀಪಿ ಊದಿದರೆ ಬಾಲ್ ಎಲ್ಲಿದೆಯೋ ಅಲ್ಲೇ ಹಿಡಿದು ನಿಲ್ಲಬೇಕು. ಕಿಕ್ಕಿರಿದ ಕೋರ್ಟಿನಲ್ಲಿ ಮುಖಕ್ಕೆ ಬರುವ ಬಾಲ್‌ಗಿಂತ ಕಾಲಡಿಗೆ ಉರುಳಿ ಬರುವ ಬಾಲ್ ಅಪಾಯ. ಮೇಲೆ ನೋಡುತ್ತ ಹಿಂದೆ ಸರಿಯುವ ಮಗು ಅದರ ಮೇಲೆ ಕಾಲಿಟ್ಟರೆ ಕಾಲು ಉಳುಕುವುದು ಖಂಡಿತ. ಎಂಡ್ ಲೈನ್‌ನಲ್ಲಿ ಬಾಲ್ ತಡೆಯಲು ಒಬ್ಬರನ್ನು ಬಿಡದೆ ನಿಲ್ಲಿಸಿ ಎಂದು ಹೇಳುವುದು ಇದಕ್ಕೇ. ಬಳೆ, ವಾಚು, ಉಂಗುರ ಮೊದಲೇ ತೆಗೆಸಿ.

ಇನ್ನು ಕೈ ಉರಿ. ಹಿಂದೆ ಸರಿಯುವ ಮಗುವನ್ನು ಅಂಜುಬುರುಕ ಅನ್ನುವ ಮೊದಲು ಬಾಲ್ ಒತ್ತಿ ನೋಡಿ. ವಾಲಿಬಾಲ್‌ನ ತೂಕ 260ರಿಂದ 280 ಗ್ರಾಂ, ಒಳಗಿನ ಗಾಳಿಯ ಒತ್ತಡ ಪ್ರತಿ ಚದರ ಸೆಂ.ಮೀ.ಗೆ 0.30ರಿಂದ 0.325 ಕೆ.ಜಿ. ಎಂದು ನಿಯಮ ಹೇಳುತ್ತದೆ. ಇದು ಬಹಳ ಕಡಿಮೆ ಒತ್ತಡ. ಫುಟ್‌ಬಾಲ್‌ಗೆ ಹಾಕುವಂತೆ ಪಂಪ್ ಒತ್ತಿ ಕಲ್ಲು ಮಾಡಿದ ಬಾಲ್ ಎಳೆ ಮುಂಗೈಗೆ ಬಡಿದರೆ ಯಾರಿಗಾದರೂ ಉರಿಯುತ್ತದೆ. ಹೊಸಬರಿಗೆ ಇನ್ನೂ ಸ್ವಲ್ಪ ಗಾಳಿ ಬಿಡಿ, ಎರಡು ಹೆಬ್ಬೆರಳಿಂದ ಒತ್ತಿದರೆ ತುಸು ತಗ್ಗುವಷ್ಟು. ಪಂದ್ಯಕ್ಕೆ ಇದು ನಡೆಯುವುದಿಲ್ಲ, ಕಲಿಕೆಗೆ ಧಾರಾಳವಾಗಿ ನಡೆಯುತ್ತದೆ. ಪುಟಿತ ಕಡಿಮೆಯಾಗಿ ಬಾಲ್ ಹತೋಟಿಗೂ ಬೇಗ ಬರುತ್ತದೆ. ಹಗುರವಾದ ತರಬೇತಿ ಬಾಲ್ ಇದ್ದರೆ ಸರಿ, ಇಲ್ಲದಿದ್ದರೂ ಈ ಉಪಾಯದಿಂದ ಕೆಲಸ ಸಾಗುತ್ತದೆ. ತುಂಬ ಹೆದರುವವರು ಮೊದಲ ವಾರ ಉದ್ದ ತೋಳಿನ ಅಂಗಿ ಹಾಕಿಕೊಳ್ಳಲಿ.

ಈಗ ಪಾಸ್.

ಕೈ ಜೋಡಿಸುವುದನ್ನು ಕಲಿಸಲು ಹೆಚ್ಚು ಹೊತ್ತು ಕಳೆಯಬೇಡಿ. ಒಂದು ಕೈಯ ಬೆರಳುಗಳ ಮೇಲೆ ಇನ್ನೊಂದು ಕೈಯ ಬೆರಳು, ಎರಡು ಹೆಬ್ಬೆರಳೂ ಪಕ್ಕಪಕ್ಕ ಸಮ, ಅಂಗೈ ಬುಡ ಎರಡೂ ಒಂದಕ್ಕೊಂದು ತಾಗಿರಬೇಕು. ಬೆರಳುಗಳನ್ನು ಒಂದರೊಳಗೊಂದು ಹೆಣೆದುಕೊಳ್ಳುವುದು ಬೇಡ, ಬಿಡಿಸಿಕೊಳ್ಳಲು ತಡವಾಗುತ್ತದೆ, ಬಾಲ್ ಬಡಿದರೆ ಬೆರಳಿಗೆ ಪೆಟ್ಟು. ಇನ್ನು ಹೆಬ್ಬೆರಳನ್ನು ನೆಲದ ಕಡೆಗೆ ಒತ್ತಲು ಹೇಳಿ. ಮಣಿಕಟ್ಟು ಕೆಳಗೆ ಬಾಗಿದೊಡನೆ ಮೊಣಕೈ ತಾನಾಗಿ ನೇರವಾಗುತ್ತದೆ. "ಮೊಣಕೈ ಮಡಚಬೇಡ" ಎಂದು ಹತ್ತು ಸಲ ಕೂಗುವ ಬದಲು "ಹೆಬ್ಬೆರಳು ಕೆಳಗೆ" ಎಂದು ಒಂದು ಸಲ ಹೇಳಿ ನೋಡಿ. ಬಾಲ್ ತಾಗಬೇಕಾದದ್ದು ಮಣಿಕಟ್ಟಿನಿಂದ ನಾಲ್ಕೈದು ಬೆರಳು ಮೇಲಕ್ಕೆ, ಮುಂಗೈಯ ಒಳಬದಿಯ ಮಾಂಸದ ಮೇಲೆ, ಎರಡೂ ಕೈಗೆ ಒಂದೇ ಸಮಯಕ್ಕೆ.

ಕಷ್ಟ ಇರುವುದು ಕೈಯಲ್ಲಲ್ಲ, ಕಾಲಲ್ಲಿ. ಹೊಸ ಮಗು ನಿಂತಲ್ಲೇ ನಿಂತು ಬಾಲ್ ಕಡೆಗೆ ಕೈ ಚಾಚುತ್ತದೆ. ಇದನ್ನು ಬಿಡಿಸಲು ಮೊದಲ ಸುತ್ತಿನಲ್ಲಿ ಪಾಸ್ ಮಾಡಿಸಲೇಬೇಡಿ. ಬರುವ ಬಾಲನ್ನು ಎರಡು ಕೈಯಲ್ಲಿ, ತೋಳು ನೇರವಾಗಿಟ್ಟು, ಮೊಣಕಾಲಿನ ಮಟ್ಟದಲ್ಲಿ, ದೇಹದ ನಡುಮಧ್ಯಕ್ಕೆ ಸರಿಯಾಗಿ ಹಿಡಿಯಲಿ. ಮಧ್ಯದಲ್ಲಿ ಹಿಡಿಯಲು ಸಾಧ್ಯವಾಯಿತು ಅಂದರೆ ಕಾಲು ಬಾಲ್‌ನ ಹಿಂದಕ್ಕೆ ಹೋಗಿತ್ತು ಎಂದರ್ಥ. ಐದರಲ್ಲಿ ನಾಲ್ಕು ಹೀಗೆ ಹಿಡಿದವರು ಪಾಸ್‌ಗೆ ಹೋಗಲಿ. ಕಾಲು ಭುಜಕ್ಕಿಂತ ತುಸು ಅಗಲ, ಒಂದು ಪಾದ ಸ್ವಲ್ಪ ಮುಂದೆ, ಮೊಣಕಾಲು ಬಾಗಿ ಭಾರ ಅಂಗಾಲಿನ ಮುಂಭಾಗದ ಮೇಲೆ. ಕೈ ಜೋಡಿಸುವುದು ಕೊನೆಗೆ. ಕೈ ಜೋಡಿಸಿಕೊಂಡೇ ಓಡುವ ಮಗು ಎರಡು ಹೆಜ್ಜೆ ಓಡುವಷ್ಟರಲ್ಲಿ ತಡವಾಗಿರುತ್ತದೆ. ಓಡು, ನಿಲ್ಲು, ಆಮೇಲೆ ಕೈ ಜೋಡಿಸು.

ಕೈ ಬೀಸುವ ಚಟ ಎಲ್ಲರಿಗೂ ಇರುತ್ತದೆ. ಅದಕ್ಕೆ ಕಾರಣವೂ ಇದೆ. ಜೋರಾಗಿ ಬಂದ ಸರ್ವ್ ನೇರ ತೋಳಿಗೆ ತಾಗಿ ತನ್ನ ವೇಗದಿಂದಲೇ ವಾಪಸ್ ಏಳುತ್ತದೆ, ಬೀಸುವ ಅಗತ್ಯವಿಲ್ಲ. ಆದರೆ ಕಲಿಕೆಯಲ್ಲಿ ಬರುವುದು ಮೆಲ್ಲನೆಯ ಎಸೆತ. ಅದರಲ್ಲಿ ವೇಗ ಇಲ್ಲದ ಕಾರಣ ಮಗು ತನ್ನ ಕೈಯಿಂದ ಅದನ್ನು ತುಂಬಲು ನೋಡುತ್ತದೆ. ಆ ಶಕ್ತಿ ಕಾಲಿನಿಂದ ಬರಬೇಕು. ಬಾಲ್ ತಾಗುವ ಹೊತ್ತಿಗೆ ಮೊಣಕಾಲು ನೇರವಾಗುತ್ತ ದೇಹ ಮೇಲೇಳಬೇಕು, ತೋಳು ಮುಂಡದ ಜೊತೆಗಿನ ತನ್ನ ಕೋನವನ್ನು ಹೆಚ್ಚುಕಡಿಮೆ ಹಾಗೆಯೇ ಉಳಿಸಿಕೊಳ್ಳಬೇಕು, ಭುಜ ಮಾತ್ರ ತುಸು ಎದ್ದರೆ ಸಾಕು. ಪಾಸ್ ಮುಗಿದಾಗ ಜೋಡಿಸಿದ ಕೈ ಭುಜದ ಮಟ್ಟ ದಾಟಿರಬಾರದು. ಪರೀಕ್ಷೆ ಸುಲಭ: ಬಾಲ್ ಹೋದ ಮೇಲೂ ಒಂದು ಕ್ಷಣ ಕೈ ಬಿಡಿಸದೆ ಹಾಗೇ ನಿಲ್ಲಲಿ. ಕೈ ಮುಖದ ಮುಂದೆ ಇದ್ದರೆ ಬೀಸಿದ್ದಾನೆ.

ಪಕ್ಕಕ್ಕೆ ಹೋಗುವ ಪಾಸ್‌ಗೆ ಬರೋಣ. ನಿಮ್ಮ ಕೋರ್ಟನ್ನು ಕೆಡಿಸುವುದು ಇದೇ. ಬಾಲ್ ತೋಳಿನ ಮುಖ ಯಾವ ಕಡೆಗಿದೆಯೋ ಆ ಕಡೆಗೆ ಹೋಗುತ್ತದೆ, ಮಗುವಿನ ಮನಸ್ಸಲ್ಲಿ ಇರುವ ಕಡೆಗಲ್ಲ. ಬಲಗೈ ಎಡಗೈಗಿಂತ ಕೆಳಗಿದ್ದರೆ ತೋಳಿನ ಮೇಲ್ಮುಖ ಬಲಕ್ಕೆ ವಾಲುತ್ತದೆ, ಬಾಲ್ ಬಲಗಡೆಯ ಪಟ್ಟೆಗೆ ಹಾರುತ್ತದೆ. ನಾಲ್ಕೈದು ಪಾಸ್ ಆದ ಮೇಲೆ ಮಗುವನ್ನು ಕರೆದು ಮುಂಗೈ ತೋರಿಸಲು ಹೇಳಿ, ಕೆಂಪು ಗುರುತು ಎಲ್ಲಿ ಮೂಡಿದೆ ನೋಡಿ. ಎರಡೂ ಕೈಯ ಒಳಬದಿಯಲ್ಲಿ, ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲೆ, ಒಂದೇ ಎತ್ತರದಲ್ಲಿ ಕೆಂಪಾಗಿದ್ದರೆ ಸರಿಯಿದೆ. ಒಂದೇ ಕೈ ಕೆಂಪಾಗಿದ್ದರೆ ಎರಡು ತೋಳೂ ಸಮವಾಗಿಲ್ಲ, ಇಲ್ಲವೇ ಕಾಲು ಬಾಲ್ ಹಿಂದಕ್ಕೆ ಹೋಗಿಲ್ಲ. ಹೆಬ್ಬೆರಳ ಬುಡ ಕೆಂಪಾಗಿದ್ದರೆ ಬಾಲ್ ಕೈಯ ತುದಿಗೆ ಬಡಿಯುತ್ತಿದೆ, ಅಂದರೆ ಬಾಲ್ ಇನ್ನೂ ದೂರ ಇರುವಾಗಲೇ ಕೈ ಚಾಚುತ್ತಿದ್ದಾನೆ. ಮೊಣಕೈ ಹತ್ತಿರ ಕೆಂಪಾಗಿದ್ದರೆ ಬಾಲ್ ತೀರ ಮೈಮೇಲೆ ಬರುವವರೆಗೆ ಕಾದಿದ್ದಾನೆ ಅಥವಾ ಬಾಲ್ ಅಡಿಗೆ ನುಗ್ಗಿದ್ದಾನೆ. 36 ಮಕ್ಕಳ ಒಂದೊಂದು ಪಾಸನ್ನೂ ನೀವು ನೋಡಲಾಗದು, ಆದರೆ ಸುತ್ತು ಮುಗಿದಾಗ 36 ಜೊತೆ ಕೈ ನೋಡಲು ಎರಡು ನಿಮಿಷ ಸಾಕು. ಬಣ್ಣ ಕಪ್ಪಾದ ಚರ್ಮದ ಮೇಲೆ ಗುರುತು ಕಾಣದಿದ್ದರೆ ಬಾಲ್‌ಗೆ ಸ್ವಲ್ಪ ಸೀಮೆಸುಣ್ಣ ಸವರಿ, ಪುಡಿ ತಾಗಿದ ಜಾಗ ಎದ್ದು ಕಾಣುತ್ತದೆ.

ಹಿಡಿಯುವವರು ಎರಡು ಹೆಜ್ಜೆಯೊಳಗೆ, ತಲೆಯ ಮೇಲೆ ಹಿಡಿದ ಪಾಸ್‌ಗೆ ಒಂದು ಅಂಕ. ಎದೆಯ ಮಟ್ಟಕ್ಕೆ ಬಂದದ್ದಕ್ಕೆ ಅಂಕವಿಲ್ಲ, ಯಾಕೆಂದರೆ ಆಟದಲ್ಲಿ ಅಂಥ ಬಾಲನ್ನು ಎತ್ತಿಕೊಡುವವರಿಗೆ ಅದರ ಅಡಿಗೆ ಹೋಗಲು ಸಮಯವೇ ಇರುವುದಿಲ್ಲ. ಈ ಒಂದು ಷರತ್ತು ಹಾಕಿದ ಕೂಡಲೇ ಮಕ್ಕಳು ಮೊಣಕಾಲು ಬಾಗಿಸಲು ಶುರು ಮಾಡುತ್ತಾರೆ.

ಸರ್ವ್‌ಗೆ ಬರುವ ಹೊತ್ತಿಗೆ ಮಕ್ಕಳು ಒಂದೇ ಕೈಯಲ್ಲಿ ಹತ್ತಾರು ಎಸೆತ ಎಸೆದಿರುತ್ತಾರೆ. ಎಸೆತದಲ್ಲಿ ನೀವು ಪಟ್ಟು ಹಿಡಿಯಬೇಕಾದದ್ದು ಮೂರು: ಎಡಗಾಲು ಮುಂದೆ, ತೋಳು ಜೋಕಾಲಿಯಂತೆ ಭುಜದಿಂದ ನೇರವಾಗಿ ಹಿಂದಕ್ಕೂ ಮುಂದಕ್ಕೂ, ಬಾಲ್ ಬಿಟ್ಟ ಮೇಲೆ ಕೈ ಪಾಸ್ ಮಾಡುವವರ ಕಡೆಗೇ ತೋರಿಸುತ್ತಿರಬೇಕು. ಪುಟ್ಟ ಅಂಗೈಯಿಂದ ಬಾಲ್ ಜಾರುತ್ತದೆ ಎಂದರೆ ಹಿಂದಕ್ಕೆ ಕಡಿಮೆ ಬೀಸಲಿ, ಇನ್ನೊಂದು ಕೈ ಕೊನೆಯವರೆಗೂ ಆಧಾರ ಕೊಡಲಿ.

ಎಸೆತದಿಂದ ಸರ್ವ್‌ಗೆ ಬದಲಾಗುವುದು ಇಷ್ಟೇ. ಬಾಲ್ ಈಗ ಎಡಗೈಯಲ್ಲಿ. ಹೊಟ್ಟೆಯ ಮುಂದೆ ಅಲ್ಲ, ಬಲ ತೊಡೆಯ ಮುಂದೆ, ಸೊಂಟಕ್ಕಿಂತ ತುಸು ಕೆಳಗೆ, ತೋಳು ಚಾಚಿದಷ್ಟು ದೂರದಲ್ಲಿ. ಸೊಂಟದಿಂದ ಸ್ವಲ್ಪ ಮುಂದಕ್ಕೆ ಬಾಗಿರಬೇಕು. ಬಲಗೈ ಹಿಂದಕ್ಕೆ ಹೋಗುವಾಗ ಭಾರ ಹಿಂಗಾಲಿಗೆ, ಮುಂದಕ್ಕೆ ಬರುವಾಗ ಮುಂಗಾಲಿಗೆ. ಅಂಗೈಯ ಬುಡದ ಗಟ್ಟಿ ಭಾಗ ಬಾಲ್‌ನ ಹಿಂಬದಿಗೆ, ನಡುವಿಗಿಂತ ಸ್ವಲ್ಪ ಕೆಳಗೆ ತಾಗಬೇಕು. ತಾಗುವ ಕ್ಷಣಕ್ಕೆ ಮೊದಲು ಎಡಗೈ ಬಾಲನ್ನು ಬಿಟ್ಟಿರಬೇಕು. ಇದು ಬರೀ ಅಚ್ಚುಕಟ್ಟಿನ ಮಾತಲ್ಲ, ಕೈಯಲ್ಲಿ ಹಿಡಿದ ಬಾಲನ್ನೇ ಹೊಡೆದರೆ ನಿಯಮದ ಪ್ರಕಾರ ತಪ್ಪು. ಆದರೆ ಬಿಡು ಎಂದೊಡನೆ ಮಕ್ಕಳು ಮೇಲಕ್ಕೆ ಚಿಮ್ಮುತ್ತಾರೆ. ಚಿಮ್ಮುವುದು ಬೇಡ, ಕೈ ಕೆಳಗೆ ಜಾರಿಸಿದರೆ ಸಾಕು. ಬಾಲ್ ಒಂದು ಗೇಣಿಗಿಂತ ಹೆಚ್ಚು ಚಲಿಸಿದರೆ ಹೊಡೆಯುವ ಜಾಗ ಪ್ರತಿ ಸಲವೂ ಬದಲಾಗುತ್ತದೆ.

ಮುಷ್ಟಿಯಿಂದ ಹೊಡೆಯಬಹುದೇ ಎಂದು ಎಲ್ಲರೂ ಕೇಳುತ್ತಾರೆ. ಹೊಡೆಯಬಹುದು, ನಿಯಮದ ಅಡ್ಡಿಯಿಲ್ಲ. ನನಗೆ ಮಾತ್ರ ಅಂಗೈ ಬುಡವೇ ಮೇಲು. ಗೆಣ್ಣುಗಳ ಏರುತಗ್ಗು ತಾಗಿದ ಬಾಲ್ ಎತ್ತ ಹೋಗುತ್ತದೆಂದು ಹೊಡೆದವನಿಗೂ ಗೊತ್ತಿರುವುದಿಲ್ಲ. ತೀರ ಬಲ ಸಾಲದ ಮಗುವಿಗೆ ಮುಷ್ಟಿ ಕಟ್ಟಿ ಹೆಬ್ಬೆರಳಿನ ಬದಿಯ ಚಪ್ಪಟೆ ಭಾಗದಿಂದ ಹೊಡೆಯಲು ಬಿಡಿ, ಬಾಲ್ ನೆಟ್ ದಾಟಿದ ಮೇಲೆ ಅಂಗೈಗೆ ಮರಳಿಸಿ.

ಸರ್ವ್‌ಗೆ ನಿಲ್ಲಿಸುವ ಬಗೆ ಬದಲಾಗುತ್ತದೆ, ಯಾಕೆಂದರೆ ಬಾಲ್ ಈಗ ನೆಟ್ ದಾಟಬೇಕು. ಈಚೆ ಚೌಕದ ಪಟ್ಟೆಯೊಂದು ಆಚೆ ಚೌಕದ ಪಟ್ಟೆಗೆ ಸೇರಿ ಉದ್ದನೆಯ ಮೂರು ಪಟ್ಟೆಯಾಗುತ್ತವೆ. ಮೂರು ಗುಂಪು ಅಲ್ಲಿ, ಉಳಿದ ಮೂರು ಗುಂಪು ಕೋರ್ಟಿನ ಹೊರಗೆ ನೆಟ್ ಇಲ್ಲದೆ ಎಸೆತ ಮತ್ತು ಪಾಸ್ ಮುಂದುವರಿಸಲಿ. ಆರು ನಿಮಿಷಕ್ಕೆ ಅದಲು ಬದಲು. ಕಂಬದ ಆಚೆ ಜಾಗವಿದ್ದರೆ ಕಂಬದಿಂದ ಗೋಡೆಗೋ ಬೇಲಿಗೋ ನೆಟ್‌ನ ಎತ್ತರಕ್ಕೆ ಹಗ್ಗ ಕಟ್ಟಿ ಬಣ್ಣದ ಬಟ್ಟೆಚೂರು ಇಳಿಬಿಡಿ, ಹೊರಗಿನವರಿಗೂ ನೆಟ್ ಸಿಕ್ಕಿತು. ಸರ್ವ್ ಮಾಡುವವರೆಲ್ಲ ಒಂದೇ ಕಡೆಯಿಂದ, ಒಂದೇ ದಿಕ್ಕಿಗೆ. ಎರಡೂ ಕಡೆಯಿಂದ ಬಾಲ್ ಹಾರುವುದು ಬೇಡವೇ ಬೇಡ. ಸರ್ವ್ ಮಾಡುವವರು ನೆಟ್‌ನಿಂದ 4.5 ಮೀಟರ್‌ನಲ್ಲಿ, ಅವರ ಹಿಂದೆ ಸರದಿಯವರು. ಆಚೆ ಪಾಸ್ ಮಾಡುವವರು, ನೆಟ್ ಹತ್ತಿರ ಪಟ್ಟೆಯ ಅಂಚಿನಲ್ಲಿ ಹಿಡಿಯುವವರು, ಹಿಂದೆ ತಡೆಯುವವರು, ಪಕ್ಕದಲ್ಲಿ ನೋಡುವವರು. ಹಿಡಿದ ಬಾಲ್ ನೆಟ್ ಅಡಿಯಿಂದ ಉರುಳಿ ಬರಬೇಕು.

ನೆಟ್ ಸಾಧ್ಯವಾದಷ್ಟು ಇಳಿಸಿ. ದೊಡ್ಡವರ ನೆಟ್ ಗಂಡಸರಿಗೆ 2.43, ಹೆಂಗಸರಿಗೆ 2.24 ಮೀಟರ್. ಹನ್ನೆರಡು ದಾಟದ ಮಕ್ಕಳಿಗೆ 2 ಮೀಟರ್ ಆಸುಪಾಸು ಸಾಕು. ದೂರವನ್ನು ವಯಸ್ಸಿನಿಂದಲ್ಲ, ಫಲಿತಾಂಶದಿಂದ ನಿರ್ಧರಿಸಿ: ಐದರಲ್ಲಿ ನಾಲ್ಕು ದಾಟಿದರೆ ಒಂದು ಹೆಜ್ಜೆ ಹಿಂದೆ, ಎರಡಕ್ಕಿಂತ ಕಡಿಮೆ ದಾಟಿದರೆ ಒಂದು ಹೆಜ್ಜೆ ಮುಂದೆ. ಎಂಡ್ ಲೈನ್‌ನ 9 ಮೀಟರ್ ತಲುಪಲು ಕೆಲವರಿಗೆ ಎರಡು ವಾರ, ಕೆಲವರಿಗೆ ಒಂದಿಡೀ ಟರ್ಮ್ ಬೇಕಾಗುತ್ತದೆ. ಮೊದಲ ದಿನವೇ 9 ಮೀಟರ್‌ನಿಂದ ಹೊಡೆಸಿದರೆ ಮಗು ಮೊಣಕೈ ಮಡಚಿ, ದೇಹ ತಿರುಚಿ, ಹೇಗಾದರೂ ದಾಟಿಸಲು ನೋಡುತ್ತದೆ. ಆ ತಿರುಚಾಟ ಅಂಟಿಕೊಂಡರೆ ಬಿಡಿಸುವುದು ಕಷ್ಟ.

ತಪ್ಪು ಹುಡುಕುವುದನ್ನು ಒಂದು ಉದಾಹರಣೆಯಲ್ಲಿ ನೋಡೋಣ. ಒಬ್ಬ ಹುಡುಗಿಯ ಸರ್ವ್ ಪ್ರತಿ ಸಲವೂ ತಲೆಯ ಮೇಲೆ ಎದ್ದು ನೆಟ್‌ನ ಈಚೆಗೇ ಬೀಳುತ್ತಿದೆ ಎಂದುಕೊಳ್ಳಿ. ಬಲ ಸಾಲದು, ಜೋರಾಗಿ ಹೊಡಿ ಎಂದು ಸುತ್ತ ಇದ್ದವರೆಲ್ಲ ಹೇಳುತ್ತಾರೆ. ಆದರೆ ಬಾಲ್ ಅಷ್ಟು ಎತ್ತರ ಹೋಗುತ್ತಿದೆ ಎಂದ ಮೇಲೆ ಬಲ ಇದ್ದೇ ಇದೆ, ದಿಕ್ಕು ಮಾತ್ರ ತಪ್ಪು. ಆಕೆಯ ಪಕ್ಕಕ್ಕೆ, ಬಲಗಡೆಗೆ ಹೋಗಿ ನಿಲ್ಲಿ. ಮುಂದಿನಿಂದ ನೋಡಿದರೆ ಇದು ಕಾಣುವುದಿಲ್ಲ. ಮೊದಲು ಎಡಗೈ ನೋಡಿ: ಬಾಲನ್ನು ಚಿಮ್ಮುತ್ತಿದ್ದಾಳೆಯೇ? ಚಿಮ್ಮಿದರೆ ಬಲಗೈ ಬಾಲ್‌ನ ಅಡಿಗೆ ಸಿಗುತ್ತದೆ. ಚಿಮ್ಮುತ್ತಿಲ್ಲ ಎಂದಾದರೆ ಬಾಲ್ ಎಷ್ಟು ದೂರದಲ್ಲಿದೆ ನೋಡಿ. ಮೈಗೆ ಹತ್ತಿರ, ಮೊಣಕೈ ಮಡಚಿ ಹಿಡಿದಿದ್ದರೆ ಬೀಸಿದ ಕೈ ಬಾಲನ್ನು ಮುಟ್ಟುವ ಹೊತ್ತಿಗೆ ಮುಂದಕ್ಕೆ ಹೋಗಲು ದಾರಿಯಿಲ್ಲದೆ ಮೇಲಕ್ಕೆ ತಿರುಗಿರುತ್ತದೆ. ಹೆಚ್ಚಿನ ಸಲ ಸಿಗುವುದು ಇದೇ. ಎಡ ಮೊಣಕೈ ಚಾಚಿಸಿ, ಬಾಲ್ ಮುಂಗಾಲಿನ ಬೆರಳ ನೇರಕ್ಕೆ ಬರುವಷ್ಟು ಮುಂದೆ ಹಿಡಿಸಿ. ಮೂರನೆಯದು, ಆಕೆಯ ಭಾರ ಹಿಂಗಾಲಿನಲ್ಲೇ ಉಳಿದು ಮುಂಡ ಹಿಂದಕ್ಕೆ ವಾಲುತ್ತಿರಬಹುದು. ಹೊಡೆದ ಮೇಲೆ ಹಿಂಗಾಲು ಎತ್ತಿ ಒಂದು ಹೆಜ್ಜೆ ಮುಂದೆ ನಡೆಯಲು ಹೇಳಿ, ಭಾರ ಮುಂದಕ್ಕೆ ಬಾರದೆ ಆ ಹೆಜ್ಜೆ ಇಡಲಾಗದು. ಮೂರನ್ನೂ ಒಟ್ಟಿಗೆ ಹೇಳಬೇಡಿ. ಒಂದನ್ನು ಹೇಳಿ, ಐದು ಬಾಲ್ ಕೊಡಿ, ಬದಲಾಗದಿದ್ದರೆ ಮಾತ್ರ ಮುಂದಿನದು.

ಪಕ್ಕದ ಪಟ್ಟೆಗೆ ಹಾರುವ ಸರ್ವ್‌ನ ಕಥೆ ಬೇರೆ. ಬಲಗೈ ಮಗುವಿನ ಬಾಲ್ ಎಡಕ್ಕೇ ಹೋಗುತ್ತಿದ್ದರೆ ಬಾಲ್ ಹೊಟ್ಟೆಯ ಮುಂದೆ ಇರುತ್ತದೆ, ಅದನ್ನು ಮುಟ್ಟಲು ಕೈ ದೇಹಕ್ಕೆ ಅಡ್ಡ ಬೀಸುತ್ತದೆ. ಬಾಲನ್ನು ಬಲ ತೊಡೆಯ ಮುಂದಕ್ಕೆ ತಂದರೆ ಮಿಕ್ಕದ್ದು ತಾನಾಗಿ ಸರಿಯಾಗುತ್ತದೆ. ನೆಟ್‌ಗೇ ನೇರ ಬಡಿಯುವ ಸರ್ವ್‌ನಲ್ಲಿ ಕೈ ಬಾಲ್‌ನ ನಡುವಿಗೋ ಮೇಲಕ್ಕೋ ತಾಗುತ್ತಿರುತ್ತದೆ, ಬಾಲನ್ನು ತೀರ ಕೆಳಗೆ ಹಿಡಿದವರಲ್ಲಿ ಇದು ಹೆಚ್ಚು. ನೆಟ್ ತಗುಲಿಯೂ ಆಚೆ ಬಿದ್ದರೆ ಸರಿಯಾದ ಸರ್ವ್ ಎಂದೇ ಎಣಿಸಿ, ನಿಯಮವೂ ಹಾಗೆಯೇ ಇದೆ.

ಪಟ್ಟೆಯ ಅಂಚಿನಲ್ಲಿ ನಿಂತ ಆರನೆಯ ಮಗುವಿಗೆ ಒಂದು ಸುತ್ತಿಗೆ ಒಂದೇ ಪ್ರಶ್ನೆ ಕೊಡಿ. "ಎಡಗಾಲು ಮುಂದಿತ್ತಾ?" ಅಥವಾ "ಬಾಲ್ ಹೋದ ಮೇಲೂ ಕೈ ಭುಜದ ಕೆಳಗೇ ಇತ್ತಾ?" ಉತ್ತರ ಹೌದು ಅಥವಾ ಇಲ್ಲ. ಐದರಲ್ಲಿ ಎಷ್ಟು ಹೌದು ಎಂದು ಬೆರಳಲ್ಲಿ ತೋರಿಸಲಿ. ತಂತ್ರ ತಿದ್ದುವ ಅಧಿಕಾರ ಅವರಿಗೆ ಕೊಡಬೇಡಿ, "ನೀನು ಹೊಡೆಯೋದೇ ಸರಿಯಿಲ್ಲ" ಎಂಬಲ್ಲಿಗೆ ಮುಟ್ಟುತ್ತದೆ. ನೀವು ಕೋರ್ಟಿನ ಮಧ್ಯೆ ಓಡಾಡಬೇಡಿ. ಕಂಬದ ಪಕ್ಕ ನಿಂತರೆ ಎಲ್ಲ ಪಟ್ಟೆಯ ಎರಡು ಕೊನೆಯೂ ಕಾಣುತ್ತವೆ, ಹೊರಗಿನ ಗುಂಪುಗಳನ್ನೂ ಆ ಕಂಬದ ಕಡೆಗೇ ಇರಿಸಿಕೊಳ್ಳಿ. ಯಾವ ಪಟ್ಟೆಯಲ್ಲಿ ಬೆರಳು ಕಡಿಮೆ ಎದ್ದಿತೋ ಅಲ್ಲಿಗೆ ಹೋಗಿ.

40 ನಿಮಿಷವನ್ನು ನಾನು ಹಂಚುವುದು ಹೀಗೆ: ಗುಂಪಾಗಿ ಮೈ ಬೆಚ್ಚಗೆ ಮಾಡಿಕೊಳ್ಳಲು ಐದಾರು ನಿಮಿಷ, ಆರು ಪಟ್ಟೆಯಲ್ಲಿ ಎಸೆತ ಮತ್ತು ಪಾಸ್ ಎರಡು ಸುತ್ತು, ಸರ್ವ್‌ಗೆ ಅದಲು ಬದಲಿನ ಎರಡು ಆರು ನಿಮಿಷ, ಮಿಕ್ಕದ್ದು ಆಟ. ಎರಡು ಸುತ್ತು ಮುಗಿಯುವಷ್ಟರಲ್ಲಿ ಹೊತ್ತು ಮೀರಿತು ಎಂದರೆ ಸರ್ವ್‌ನಲ್ಲಿ ಕಡಿತ ಮಾಡಿ, ಆಟದಲ್ಲಿ ಬೇಡ. ಆಟವನ್ನು ಆರಾರು ಜನರ ಪೂರ್ತಿ ಪಂದ್ಯ ಮಾಡಬೇಡಿ, ಅದರಲ್ಲಿ ಬಾಲ್ ಮುಟ್ಟುವವರು ಇಬ್ಬರೋ ಮೂವರೋ. ಉದ್ದ ಪಟ್ಟೆಯಲ್ಲಿ ನೆಟ್‌ನ ಎರಡೂ ಬದಿಗೆ 4.5 ಮೀಟರ್ ಗೆರೆ ಹಾಕಿ, ಈಚೆ ಇಬ್ಬರು, ಆಚೆ ಇಬ್ಬರು, ಹಿಂದೆ ಒಬ್ಬೊಬ್ಬರು ಬಾಲ್ ತಡೆಯಲು. ಅಂಡರ್‌ಹ್ಯಾಂಡ್ ಸರ್ವ್‌ನಿಂದ ಆಟ ಶುರು, ಮೊದಲ ಮುಟ್ಟು ಫೋರ್‌ಆರ್ಮ್ ಪಾಸ್ ಆಗಲೇಬೇಕು, ಎರಡನೆಯವರು ಅದನ್ನು ಹಿಡಿದುಬಿಡಬಹುದು. ಹಿಡಿದವರು ಅಲ್ಲಿಂದಲೇ ಎಡಗಾಲು ಮುಂದಿಟ್ಟು ಒಂದೇ ಕೈಯಲ್ಲಿ ನೆಟ್ ಆಚೆಗೆ ಎಸೆಯಬೇಕು. ಅಂಕ ಕೊಡುವುದು ಬಾಲ್ ನೆಲಕ್ಕೆ ಬಿದ್ದದ್ದಕ್ಕಲ್ಲ, ಪಾಸ್ ಜೊತೆಗಾರರ ಕೈಗೆ ತಲೆಯ ಮೇಲೆ ಸಿಕ್ಕಿದ್ದಕ್ಕೆ. ಇದರಿಂದ ಜೋರಾಗಿ ಹೊಡೆದು ಗೆಲ್ಲುವ ಹುಡುಗರ ಆಟ ನಡೆಯುವುದಿಲ್ಲ, ಎದುರಿನವರಿಗೆ ಪಾಸ್ ಮಾಡಲಾಗದಂತೆ ಮೂಲೆಗೆ ಸರ್ವ್ ಮಾಡುವವರು ಮಾತ್ರ ಮುಂದೆ ಬರುತ್ತಾರೆ. ಒಂದು ಗುಂಪಿನಲ್ಲಿ ಹಾಗೆ ಮೂಲೆಗೆ ಗುರಿಯಿಟ್ಟು ಹೊಡೆಯುವವರು ಇಬ್ಬರು ಕಾಣಿಸಿಕೊಂಡರೆ ಆ ಪಟ್ಟೆಯ ಸರ್ವ್ ಗೆರೆಯನ್ನು 6 ಮೀಟರ್‌ಗೆ ಸರಿಸಿ.